‘ಇನ್ನೊಂದಾಗ್ತದೆ ಬಿಡು’ ಅಂತ ಮೊದಲು ಹೇಳಿದ್ದು ನಾನೇ

ಹೋದ ವರ್ಷ ಆಟಿ ಶುರುವಾದ ಹೊತ್ತಿಗೆ ಸುರತ್ಕಲ್‌ನಲ್ಲಿರುವ ನನ್ನ ಗೆಳತಿ ಫೋನ್ ಮಾಡಿದ್ಳು. 10 ವಾರದ ಸ್ಕ್ಯಾನಿಗೆ ಹೋದದ್ದು, ಹಾರ್ಟ್‌ಬೀಟ್ ಇಲ್ಲ, ಬೆಳವಣಿಗೆ 8 ವಾರಕ್ಕೇ ನಿಂತಿದೆ ಅಂದ್ರಂತೆ. ನಂಗೆ ಎಂತ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ, ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಬೇಜಾರ್ ಮಾಡ್ಬೇಡ ಮಾರಾಯ್ತಿ, ನಿಂಗಿನ್ನೂ ಪ್ರಾಯ ಉಂಟು, ಇನ್ನೊಂದಾಗ್ತದೆ ಬಿಡು." ಅವಳು "ಹ್ಞೂಂ" ಅಂದು ಫೋನ್ ಇಟ್ಳು. ಆ ಹ್ಞೂಂ ಕೇಳಿದ್ಮೇಲೇ ಗೊತ್ತಾಯ್ತು ಎಡವಟ್ಟಾಯ್ತು ಅಂತ.

ರಾತ್ರಿ ಮೆಸೇಜ್ ಟೈಪ್ ಮಾಡುದು, ಅಳಿಸುದು. ‘ಸ್ಟ್ರಾಂಗ್ ಆಗಿರು’ ಅಂತ ಬರ್ದೆ, ಅಂದ್ರೆ ಅಳ್ಬೇಡ ಅಂದ ಹಾಗಾಯ್ತಲ್ಲ ಅನ್ನಿಸ್ತು. ಹಾಗಾದ್ರೆ ‘ಅತ್ತುಬಿಡು, ಹಗುರ ಆಗ್ತದೆ’ ಅಂತ ಬರ್ದೆ, ಅದೂ ಒಂದು ಆರ್ಡರೇ ಅಲ್ವಾ, ಅವಳಿಗೆ ಅಳು ಬರದಿದ್ರೆ ತನ್ನಲ್ಲೇ ಎಂತದೋ ಸರಿ ಇಲ್ಲ ಅಂತ ಅಂದ್ಕೊಳ್ಬಹುದು. ಕೊನೆಗೆ ಕಳಿಸಿದ್ದು ಇಷ್ಟು: "ಸಂಜೆ ನಾನು ಹೇಳಿದ್ದು ಸರಿ ಆಗ್ಲಿಲ್ಲ, ಸಾರಿ. ನೀನು ಕಾಯ್ತಾ ಇದ್ದದ್ದು ಈ ಪಾಪುವಿಗೆ, ಇನ್ನೊಂದಕ್ಕೆ ಅಲ್ಲ. ಇದಕ್ಕೆ ರಿಪ್ಲೈ ಮಾಡ್ಬೇಕಂತಿಲ್ಲ." ಪಾಪು ಅಂತ ಬರ್ದದ್ದು ಅವಳು ಮೊದ್ಲಿಂದ ಹಾಗೇ ಕರೀತಿದ್ದದ್ದಕ್ಕೆ. ನಮ್ಮ ಆಫೀಸಲ್ಲಿ ಒಬ್ರಿಗೆ ಹೀಗೇ ಆದಾಗ ಅವ್ರು ‘ಪ್ರೆಗ್ನೆನ್ಸಿ ನಿಲ್ಲಲಿಲ್ಲ’ ಅಂತ ಮಾತ್ರ ಹೇಳ್ತಿದ್ರು, ಅವ್ರ ಹತ್ರ ಮಗು ಗಿಗು ಅಂತ ಹೇಳಿದ್ರೆ ಇಲ್ಲದ ಭಾರ ಹೊರಿಸಿದ ಹಾಗೆ ಆಗ್ತಿತ್ತು. ಅವ್ರ ಬಾಯಲ್ಲಿ ಯಾವ ಶಬ್ದ ಉಂಟೋ ಅದನ್ನೇ ಹಿಡ್ಕೊಳ್ಳುದು, ಗೊತ್ತಿಲ್ಲದಿದ್ರೆ ‘ನಿಂಗೆ ಹೀಗಾಯ್ತಲ್ಲ’ ಅಂದ್ರೂ ಸಾಕು.

ನಾಲ್ಕು ದಿನ ಬಿಟ್ಟು "ಬರ್ಲಾ? ಬೇಡ ಅಂದ್ರೂ ಬೇಜಾರಿಲ್ಲ" ಅಂತ ಕೇಳಿ ಉಡುಪಿಯಿಂದ ಬಸ್ ಹತ್ತಿದೆ. ಟ್ಯಾಬ್ಲೆಟ್ ಕೊಟ್ಟು ಆಗಿತ್ತು, ಬ್ಲೀಡಿಂಗ್ ಇನ್ನೂ ಇತ್ತು. ಗಂಜಿ ಉಣ್ತಾ ಉಣ್ತಾ ಒಮ್ಮೆಲೇ ಕೇಳಿದ್ಳು, "ನಾನು ಸ್ಕೂಟರಲ್ಲಿ ಓಡಾಡಿದ್ದಕ್ಕಾ?" ಸಂಬಂಧಿಕರು ಯಾರೋ ಫೋನಲ್ಲೇ ಪಪ್ಪಾಯಿ ತಿಂದ್ಯಾ, ಸ್ಕೂಟರ್ ಬಿಟ್ಯಾ ಅಂತ ವಿಚಾರಣೆ ಮಾಡಿದ್ರಂತೆ. ಇಲ್ಲಿ ಮಾತ್ರ ನಾನು ಸುಮ್ನೆ ತಲೆ ಆಡಿಸ್ಲಿಲ್ಲ. "ಅಲ್ಲ. ಸ್ಕೂಟರಿಂದ ಹೀಗೆ ಆಗುದಿಲ್ಲ. ಮೊದಲ 3 ತಿಂಗಳಲ್ಲಿ ಹೋಗುದು ಹೆಚ್ಚಾಗಿ ಕ್ರೋಮೋಸೋಮ್ ಸರಿ ಕೂಡದೆ, ಅದು ಶುರುವಿನಲ್ಲೇ ಆಗಿಹೋಗಿರ್ತದೆ" ಅಂದೆ, ಅಷ್ಟಕ್ಕೇ ನಿಲ್ಲಿಸಿದೆ. ಯಾಕಂದ್ರೆ ಅದೇ ವಿಷಯ ಸ್ವಲ್ಪ ಎಳೆದ್ರೆ ‘ಹಾಗಾಗಿ ಹೋದದ್ದೇ ಒಳ್ಳೇದಾಯ್ತು’ ಅನ್ನುವಲ್ಲಿಗೆ ಹೋಗಿ ಮುಟ್ತದೆ. ಅರ್ಧ ಗಂಟೆ ಬಿಟ್ಟು ಅವಳು ಮತ್ತೆ ಅದನ್ನೇ ಕೇಳಿದ್ಳು, ನಾನೂ ಮತ್ತೆ ಅಷ್ಟೇ ಹೇಳಿದೆ. ‘ಆಗ್ಲೇ ಹೇಳಿದ್ನಲ್ಲ’ ಅನ್ಲಿಲ್ಲ.

ಇನ್ನೊಂದು ವಿಷಯಕ್ಕೂ ಸುತ್ತಿ ಬಳಸಿ ಮಾತಾಡ್ಲಿಲ್ಲ, ಬ್ಲೀಡಿಂಗಿಗೆ. ಗಂಟೆಗೆ 2 ಪ್ಯಾಡ್ ಪೂರ್ತಿ ಒದ್ದೆ ಆಗಿ ಅದೇ 2 ಗಂಟೆ ಮುಂದುವರಿದ್ರೆ, ಜ್ವರ ಬಂದ್ರೆ, ವಾಸನೆ ಬಂದ್ರೆ, ರಾತ್ರಿ ಆದ್ರೂ ಆಸ್ಪತ್ರೆಗೆ ಹೋಗ್ಬೇಕು ಅಂತ ಅವಳಿಗೂ ಅವಳ ಗಂಡನಿಗೂ ನೇರ ಹೇಳಿದೆ. ಮನಸ್ಸಿನ ವಿಷಯದಲ್ಲಿ ಹೀಗೆ ಮಾಡು ಅಂತ ಹೇಳ್ಲಿಕ್ಕೆ ನಾನ್ಯಾರು, ಆದ್ರೆ ಇದು ಹಾಗಲ್ಲ.

ರಜೆಯದ್ದು ಇವೆರಡರ ನಡುವಿನ ಕಥೆ. ‘ರೆಸ್ಟ್ ತಗೋ’ ಅಂತ ಒಬ್ರು, ‘ಕೆಲ್ಸಕ್ಕೆ ಹೋಗು, ಮೈಂಡ್ ಡೈವರ್ಟ್ ಆಗ್ತದೆ’ ಅಂತ ಇನ್ನೊಬ್ರು, ಅವಳಿಗೆ ಸಾಕಾಗಿತ್ತು. ನಾನು ಹೇಳಿದ್ದು, "ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಇದಕ್ಕೆ 6 ವಾರ ಸಂಬಳ ಸಹಿತ ರಜೆ ಉಂಟು, ಆಸ್ಪತ್ರೆ ಪೇಪರ್ ಕೊಡ್ಬೇಕಾಗ್ತದೆ. ಬೇಕಾದ್ರೆ ಲೆಟರ್ ನಾನು ಟೈಪ್ ಮಾಡ್ತೇನೆ, ಬೇಡದಿದ್ರೆ ಬೇಡ." ಲೆಟರ್ ಬರೆಸಿಕೊಂಡ್ಳು. 8ನೇ ದಿನಕ್ಕೆ ಆಫೀಸಿಗೂ ಹೋದ್ಳು, ಮನೇಲಿ ಕೂತ್ರೆ ಆಗುದಿಲ್ಲ ಅಂತ. ನಂಗೆ ಒಳಗೊಳಗೆ ಇಷ್ಟು ಬೇಗ ಯಾಕೆ ಅನ್ನಿಸಿತ್ತು, ಬಾಯಿ ಬಿಡ್ಲಿಲ್ಲ. "ಮಧ್ಯಾಹ್ನ ಫೋನ್ ಮಾಡ್ಲಾ, ಬೇಡ್ವಾ?" ಅಂತ ಮಾತ್ರ ಕೇಳಿದೆ. ಬೇಡ ಅಂದ್ಳು.

ಗಂಡನ ಹತ್ರ ಎಲ್ರೂ ‘ಅವಳನ್ನು ನೋಡ್ಕೋ’ ಅಂತಿದ್ರು. ಹೊರಡುವಾಗ ಗೇಟಿನ ಹತ್ರ "ನಿಮ್ಗೂ ಕಷ್ಟ ಆಗಿರ್ಬೇಕು" ಅಂದೆ. ಅವ್ರು "ಮಳೆ ಜೋರುಂಟು, ಕೊಡೆ ಉಂಟಲ್ಲ?" ಅಂತ ಕೇಳಿದ್ರು. ಆಯ್ತು ಅಂತ ನಾನೂ ಕೊಡೆ ತೋರಿಸಿದೆ.

ಹೆರಿಗೆಗೆ ಡಾಕ್ಟರ್ ಕೊಟ್ಟಿದ್ದ ಡೇಟ್ ಫೆಬ್ರವರಿ 13. ಅದನ್ನು ನಾನು ಫೋನಲ್ಲಿ ಹಾಕಿಟ್ಟಿದ್ದೆ. ನೆನಪು ಮಾಡಿದ್ರೆ ನೋವಾಗ್ತದಾ ಅಂತ ಹೆದರಿಕೆ ಇತ್ತು, ಆದ್ರೆ ಅವಳು ಮರೆತಿರ್ತಾಳೆ ಅಂತ ನಾನು ಅಂದ್ಕೊಳ್ಳುದೇ ತಪ್ಪಲ್ವಾ. "ಇವತ್ತು ನೀವಿಬ್ರೂ ನೆನಪಾದ್ರಿ, ಪಾಪುವೂ. ರಿಪ್ಲೈ ಬೇಡ" ಅಂತ ಕಳಿಸಿದೆ. 2 ದಿನ ಸುದ್ದಿ ಇಲ್ಲ, ಪುನಃ ಎಡವಟ್ಟಾಯ್ತಾ ಅಂತ ನಂಗೆ ನಿದ್ದೆ ಇಲ್ಲ. 3ನೇ ದಿನ ಬಂತು: "ಇವ್ರಿಗೆ ತೋರಿಸ್ದೆ. ಇವ್ರೂ ದಿನ ಲೆಕ್ಕ ಹಾಕ್ತಿದ್ರಂತೆ, ನಂಗೇ ಹೇಳಿರ್ಲಿಲ್ಲ."