ಮೊದಲು ತಳ ನೋಡಿ, ಹೆಸರು ಕೊನೆಗಿಡಿ: ಹ್ಯಾಂಡ್‌ಬ್ಯಾಗ್ ಹೇಗಿದೆ ಅಂತ ಬರೆಯೋದು ಹೀಗೆ

ಬಳಸದೇ ಇಟ್ಟಿರೋ ಬ್ಯಾಗೊಂದನ್ನ ಆನ್‌ಲೈನಲ್ಲಿ ಮಾರೋಣ ಅಂತ "ಬ್ರೌನ್ ಕಲರ್, ಮೀಡಿಯಂ ಸೈಜ್, ಸೂಪರ್ ಕಂಡೀಷನ್" ಅಂತ ಬರೆದು ಹಾಕಿದ್ರೆ ಆಮೇಲೆ ಬರೋದೆಲ್ಲ ಅದೇ ಪ್ರಶ್ನೆಗಳು, ಲ್ಯಾಪ್‌ಟಾಪ್ ಹಿಡಿಯುತ್ತಾ, ಭುಜಕ್ಕೆ ಹಾಕ್ಕೋಬಹುದಾ, ಕೆಳಗಿಟ್ರೆ ನಿಲ್ಲುತ್ತಾ ಅಂತ. ಬಣ್ಣ ಫೋಟೋದಲ್ಲೇ ಕಾಣುತ್ತೆ ಬಿಡಿ, ಮಾತಲ್ಲಿ ಹೇಳ್ಬೇಕಿರೋದು ಆಕಾರ. ಆದ್ರೆ ಟೋಟು, ಸ್ಯಾಚೆಲ್ಲು ಅಂತ ಹೆಸರಿಂದ ಶುರು ಮಾಡ್ಬೇಡಿ, ಯಾಕಂದ್ರೆ ಒಂದೇ ಬ್ಯಾಗಿಗೆ ಒಬ್ಬೊಬ್ಬ ಕಂಪನಿಯವರು ಒಂದೊಂದು ಹೆಸರು ಇಟ್ಟಿರ್ತಾರೆ.

ಮೊದಲು ಬ್ಯಾಗ್ ಪೂರ್ತಿ ಖಾಲಿ ಮಾಡಿ, ಒಳಗೆ ತುರುಕಿರೋ ಪೇಪರ್ ಕೂಡ ತೆಗೆದು, ಟೇಬಲ್ ಮೇಲಿಟ್ಟು ಕೈ ಬಿಡಿ. ನೆಟ್ಟಗೆ ನಿಂತ್ರೆ ಅದು ಸ್ಟ್ರಕ್ಚರ್ಡ್, ಅಂದ್ರೆ ಲೆದರ್ ಮತ್ತು ಲೈನಿಂಗ್ ಮಧ್ಯೆ ಗಟ್ಟಿ ಪದರ ಇದೆ, ತಳದಲ್ಲಿ ಬೋರ್ಡ್ ಇರಬಹುದು. ಕುಸಿದು ಬಿದ್ರೆ ಸಾಫ್ಟ್ ಬಾಡಿ. ತಳ ನಿಂತಿದೆ ಆದ್ರೆ ಮೇಲಿನ ಅರ್ಧ ಒಳಕ್ಕೆ ಬಾಗಿದೆ ಅಂದ್ರೆ ಸೆಮಿ ಸ್ಟ್ರಕ್ಚರ್ಡ್. ಪೇಪರ್ ತುಂಬಿಸಿ ತೆಗೆದ ಫೋಟೋದಲ್ಲಿ ಎಲ್ಲಾ ಬ್ಯಾಗೂ ನೆಟ್ಟಗೇ ನಿಂತಿರುತ್ತೆ, ಕೊಂಡೋರು ಮೋಸ ಹೋಗೋದು ಅಲ್ಲೇ.

ಆಮೇಲೆ ತಿರುಗಿಸಿ ತಳ ನೋಡಿ. ಆಯತವಾ, ದುಂಡಗಿದೆಯಾ, ಅಥವಾ ತಳವೇ ಇಲ್ದೆ ಬರೀ ಹೊಲಿಗೆಯಾ? ದುಂಡು ಅಥವಾ ಮೊಟ್ಟೆಯಾಕಾರದ ತಳದಿಂದ ನೇರ ಮೇಲಕ್ಕೆದ್ದು, ಬಾಯಿ ದಾರ ಎಳೆದು ಮುಚ್ಚೋ ಹಾಗಿದ್ರೆ ಬಕೆಟ್ ಬ್ಯಾಗ್. ಇದರ ಹೆಸರಾಂತ ಮಾದರಿ ಲೂಯಿ ವಿಟಾನ್‌ನ ನೋಯೆ, 1932ರಲ್ಲಿ ಐದು ಶಾಂಪೇನ್ ಬಾಟಲ್ ಒಯ್ಯೋಕೆ ಅಂತ ಮಾಡಿದ್ದು, ನಾಲ್ಕು ನೆಟ್ಟಗೆ, ಮಧ್ಯದಲ್ಲಿ ಒಂದು ತಲೆಕೆಳಗಾಗಿ. ಎತ್ತರದ ವಸ್ತುಗಳಿಗೆ ಈ ಆಕಾರ ಎಷ್ಟು ಸರಿ ಅಂತ ಇದರಲ್ಲೇ ಗೊತ್ತಾಗುತ್ತೆ, ಫೈಲ್ ಇಟ್ರೆ ಮಾತ್ರ ಬಾಗಿ ಹಾಳಾಗುತ್ತೆ.

ಆಯತದ ತಳ ಬಂದ್ರೆ ಗೊಂದಲ ಶುರು, ಟೋಟಿಗೂ ಸ್ಯಾಚೆಲ್ಲಿಗೂ ಅದೇ ತಳ. ಇಲ್ಲಿ ಬಾಯಿ ಮತ್ತು ಹ್ಯಾಂಡಲ್ ನೋಡ್ಬೇಕು. ಟೋಟಿನ ಬಾಯಿ ಸಾಮಾನ್ಯವಾಗಿ ತೆರೆದೇ ಇರುತ್ತೆ, ಹೆಚ್ಚಂದ್ರೆ ಒಂದು ಮ್ಯಾಗ್ನೆಟ್ ಬಟನ್, ಎರಡು ಸಮನಾದ ಹ್ಯಾಂಡಲ್. ಸ್ಯಾಚೆಲ್ಲಿಗೆ ಫ್ಲಾಪೋ ಜಿಪ್ಪೋ ಇದ್ದು ಬಾಯಿ ಪೂರ್ತಿ ಮುಚ್ಚುತ್ತೆ, ಪಕ್ಕದ ಪಟ್ಟಿ ಗಟ್ಟಿಯಾಗಿರುತ್ತೆ, ಮೇಲಿನ ಹ್ಯಾಂಡಲ್ ಗಿಡ್ಡ, ಬೇಕಾದ್ರೆ ಉದ್ದದ ಸ್ಟ್ರಾಪ್ ಸಿಕ್ಕಿಸಬಹುದು.

ಹ್ಯಾಂಡಲ್ ಗಿಡ್ಡನಾ ಉದ್ದನಾ ಅಂತ ಅಂದಾಜಲ್ಲಿ ಹೇಳ್ಬೇಡಿ, ಡ್ರಾಪ್ ಅಳೀರಿ. ಹ್ಯಾಂಡಲ್ ಮೇಲಕ್ಕೆತ್ತಿ ಹಿಡಿದು, ಅದರ ತುದಿಯ ಒಳಭಾಗದಿಂದ ಬ್ಯಾಗಿನ ಬಾಯಿಯ ಅಂಚಿನವರೆಗೆ ಟೇಪ್ ಇಳಿಬಿಡಿ. ಪಟ್ಟಿ ಪೂರ್ತಿ ಉದ್ದ ಅಳೆದು ಅದನ್ನೇ ಡ್ರಾಪ್ ಅಂತ ಬರೆಯೋರು ಬಹಳ, ಆಗ ಸಂಖ್ಯೆ ಎರಡರಷ್ಟಕ್ಕಿಂತ ಜಾಸ್ತಿ ಬರುತ್ತೆ. ಸುಮಾರು 10ರಿಂದ 15 ಸೆಂ.ಮೀ. ಇದ್ರೆ ಕೈಯಲ್ಲಿ ಹಿಡಿಯೋಕೆ, ಭುಜಕ್ಕೆ ಆರಾಮಾಗಿ ಕೂರ್ಬೇಕಂದ್ರೆ 23ರಿಂದ 28 ಬೇಕು, ದಪ್ಪ ಸ್ವೆಟರ್ ಹಾಕೋರಿಗೆ ಇನ್ನೂ ಸ್ವಲ್ಪ ಜಾಸ್ತಿ.

ಈಗ ಒಂದು ಬ್ಯಾಗ್ ತಗೊಳ್ಳಿ. ಟ್ಯಾಗಲ್ಲಿ ಟೋಟ್ ಅಂತಿದೆ. ಖಾಲಿ ಇಟ್ರೂ ನಿಲ್ಲುತ್ತೆ, ತಳ 28 ಸೆಂ.ಮೀ. ಉದ್ದ, 13 ಅಗಲ, ಬಾಯಿ 33, ಎತ್ತರ 23, ಉದ್ದಕ್ಕೂ ಜಿಪ್, ಎರಡು ಹ್ಯಾಂಡಲ್, ಡ್ರಾಪ್ 12. ಇದು ಭುಜಕ್ಕೆ ಬರಲ್ಲ, ಬಾಯಿ ಮುಚ್ಚುತ್ತೆ, ಮೈ ಗಟ್ಟಿ, ಹಾಗಾಗಿ ಟ್ಯಾಗ್ ಏನೇ ಹೇಳ್ಲಿ ನಾನಂತೂ ಸ್ಯಾಚೆಲ್ ಅಂತಲೇ ಬರೀತೀನಿ: "ಗಟ್ಟಿ ಮೈಯ ಸ್ಯಾಚೆಲ್, ತಾನೇ ನಿಲ್ಲುತ್ತೆ, ಆಯತದ ತಳ 28×13, ಬಾಯಿ ಕಡೆ ಅಗಲವಾಗಿ 33, ಎತ್ತರ 23 ಸೆಂ.ಮೀ., ಮೇಲೆ ಜಿಪ್, ಹ್ಯಾಂಡಲ್ ಡ್ರಾಪ್ 12, ಕೈಯಲ್ಲಿ ಹಿಡಿಯೋಕೆ." ತಳ ಮತ್ತು ಬಾಯಿ ಎರಡೂ ಬರೆದಿದ್ದಕ್ಕೆ ಕಾರಣ ಇದೆ, ಬರೀ 33 ಅಂತ ಹಾಕಿದ್ರೆ 32 ಸೆಂ.ಮೀ. ಲ್ಯಾಪ್‌ಟಾಪ್ ಅಡ್ಡಕ್ಕೆ ಹಿಡಿಯುತ್ತೆ ಅನ್ಕೋತಾರೆ, ಅದು ಮೇಲೆ ತೂರುತ್ತೆ, ಕೆಳಗೆ ಸಿಕ್ಕಿಹಾಕಿಕೊಳ್ಳುತ್ತೆ, ಜಿಪ್ ಮುಚ್ಚಲ್ಲ.

ಕ್ಲಚ್ ಬಗ್ಗೆ ಜಾಸ್ತಿ ಕೆಲಸ ಇಲ್ಲ. ಹ್ಯಾಂಡಲ್ ಇಲ್ಲ, ಕೈಯಲ್ಲೇ ಹಿಡ್ಕೋಬೇಕು, ಕೆಲವಕ್ಕೆ ಒಳಗೆ ಬಚ್ಚಿಡೋ ಚೈನ್ ಇರುತ್ತೆ, ಇದ್ರೆ ಅದನ್ನೂ ಹೇಳಿ. ಲಕೋಟೆ ಥರ ಮಡಚೋದಾ, ಗಟ್ಟಿ ಡಬ್ಬಿಯಾ ಅಂತ ಬರೀರಿ, ಮತ್ತೆ ಡಬ್ಬಿ ಆಗಿದ್ರೆ ಹೊರಗಿನ ಅಳತೆ ಸಾಲಲ್ಲ, ಅಂಚಿನ ದಪ್ಪ ಕಳೆದು ಒಳಗಿನದ್ದೇ ಅಳೀರಿ, ಫೋನ್ ಹಿಡಿಯುತ್ತೋ ಇಲ್ವೋ ಅನ್ನೋದು ಅದರ ಮೇಲೇ ನಿಂತಿದೆ.