ಪಿನ್ನಿನ ಮೇಲೆ ಎಷ್ಟು ಬಲ? ಮೊದಲು ಬಿಚ್ಚಿ, ಆಮೇಲೆ ಲೆಕ್ಕ ಹಾಕಿ

ಒಂದು ಇಕ್ಕಳ ತೆಗೆದುಕೊಳ್ಳಿ. ಎರಡೂ ಹಿಡಿಗಳನ್ನು 100 ನ್ಯೂಟನ್ ಬಲದಿಂದ ಅದುಮಿದ್ದೀರಿ. ಕೈ ಒತ್ತುವ ಜಾಗ ನಡುವಿನ ಪಿನ್ನಿನಿಂದ 120 ಮಿ.ಮೀ. ದೂರದಲ್ಲಿದೆ. ಬಾಯಲ್ಲಿ ಕಚ್ಚಿಕೊಂಡ ತಂತಿ 30 ಮಿ.ಮೀ. ದೂರದಲ್ಲಿದೆ. ಪಿನ್ನಿನ ಮೇಲೆ ಬೀಳುವ ಬಲ ಎಷ್ಟು?

ಈ ಪ್ರಶ್ನೆಗೆ ಸೊನ್ನೆ, 200, 300, 1000 ಹೀಗೆ ಎಲ್ಲ ಬಗೆಯ ಉತ್ತರವನ್ನೂ ನಾನು ಕೇಳಿದ್ದೇನೆ. ಸರಿಯಾದ ಉತ್ತರ 500. ತಪ್ಪುವವರು ಗುಣಾಕಾರದಲ್ಲಿ ತಪ್ಪುವುದಿಲ್ಲ. ಇಕ್ಕಳವನ್ನು ಬಿಚ್ಚದೆ, ಇಡಿಯಾಗಿ ನೋಡುತ್ತಾರೆ, ಅಲ್ಲೇ ಎಡವುತ್ತಾರೆ. ಇಡಿಯಾಗಿ ನೋಡಿದರೆ ಮೇಲಿಂದ 100, ಕೆಳಗಿಂದ 100, ಎರಡೂ ವಜಾ. ಪಿನ್ನಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಅರ್ಧ ಇಕ್ಕಳವನ್ನಷ್ಟೇ ಬರೆಯಿರಿ. ಮೇಲಿನ ಹಿಡಿ ಪಿನ್ನಿನ ಹತ್ತಿರ ದಾಟಿ ಕೆಳಗಿನ ಬಾಯಿಯಾಗುತ್ತದೆ, ಅಲ್ವಾ? ಕೈ ಆ ಹಿಡಿಯನ್ನು ಕೆಳಕ್ಕೆ ಒತ್ತುತ್ತದೆ. ತಂತಿಯೂ ಆ ಬಾಯಿಯನ್ನು ಕೆಳಕ್ಕೇ ತಳ್ಳುತ್ತದೆ. ಪಿನ್ನಿನ ಸುತ್ತ ತಿರುಗುಬಲ ಸಮವಾಗಬೇಕು: 100 × 120 = 400 × 30. ಹಾಗಾಗಿ ತಂತಿಯ ಬಲ 400. ಎರಡೂ ಕೆಳಕ್ಕೇ ಇರುವುದರಿಂದ ಪಿನ್ನು ಮೇಲಕ್ಕೆ 100 + 400 = 500 ಕೊಡಬೇಕು. ಇನ್ನರ್ಧದ ಮೇಲೆ ಇದೇ 500 ಕೆಳಕ್ಕೆ. ಇವೆರಡನ್ನು ಕೂಡಿಸಿ 1000 ಅನ್ನುವವರೂ ಇದ್ದಾರೆ. ಕೂಡಿಸಬಾರದು. ಒಂದೇ ಬಲವನ್ನು ಎರಡು ಕಡೆಯಿಂದ ನೋಡಿದ್ದೇವೆ, ಅಷ್ಟೆ. (300 ಅನ್ನುವ ಉತ್ತರ ಪಿನ್ನು ಒಂದು ತುದಿಯಲ್ಲಿರುವ ಅಡಕತ್ತರಿಗೆ ಸರಿ. ಅಲ್ಲಿ ಎರಡು ಬಲಗಳು ಎದುರುಬದುರು, ಹಾಗಾಗಿ ಕಳೆಯಬೇಕು.)

ಇಕ್ಕಳದ ಕತೆ ಇಲ್ಲಿಗೆ ಮುಗಿಯಿತು. ಜನ ನಿಜವಾಗಿ ಒದ್ದಾಡುವುದು ಟಾಗಲ್ ಕ್ಲ್ಯಾಂಪಿನಲ್ಲಿ. ಕೆಲಸದ ತುಂಡನ್ನು ಹಿಡಿದಿಡಲು ಹಿಡಿ ಒತ್ತಿದರೆ 'ಟಕ್' ಎಂದು ಬೀಗಿಕೊಳ್ಳುವ ಆ ಕ್ಲ್ಯಾಂಪು. ಅದರಲ್ಲಿ ನಾಲ್ಕು ಪಿನ್ನುಗಳಿವೆ.

ಚಿತ್ರ ಬರೆಯೋಣ. ಗ್ರಾಫ್ ಹಾಳೆ ತೆಗೆದುಕೊಳ್ಳಿ, ಸುಮ್ನೆ ಅಂದಾಜಿಗೆ ಗೀಚಬೇಡಿ. ತಳಕ್ಕೆ ಸೇರಿದ ಪಿನ್ನು ಎ. ಕ್ಲ್ಯಾಂಪಿನ ತೋಳು ಇದರ ಮೇಲೆ ತಿರುಗುತ್ತದೆ. ಎ ಪಿನ್ನಿನಿಂದ ಬಲಕ್ಕೆ 100 ಮಿ.ಮೀ. ದೂರದಲ್ಲಿ ತೋಳಿನ ತುದಿ ಕೆಲಸದ ತುಂಡನ್ನು ಕೆಳಕ್ಕೆ ಒತ್ತುತ್ತದೆ. ಎ ಪಿನ್ನಿನ ನೇರ ಮೇಲೆ, 40 ಮಿ.ಮೀ. ಎತ್ತರದಲ್ಲಿ ಪಿನ್ನು ಬಿ. ಇಲ್ಲಿ ತೋಳಿಗೆ ಹಿಡಿ ಸೇರುತ್ತದೆ. ಹಿಡಿ ಬಿ ಇಂದ ಎಡಕ್ಕೆ 160 ಮಿ.ಮೀ. ಚಾಚಿದೆ. ಅದರ ಮೇಲೆ ಬಿ ಇಂದ 40 ಮಿ.ಮೀ. ದೂರದಲ್ಲಿ ಪಿನ್ನು ಸಿ. ಸಿ ಇಂದ 40 ಮಿ.ಮೀ. ಉದ್ದದ ಒಂದು ಲಿಂಕ್ ಎಡಕ್ಕೆ ಇಳಿದು, ತಳದ ಮೇಲಿರುವ ಪಿನ್ನು ಡಿಗೆ ಸೇರುತ್ತದೆ. ಡಿ ಮತ್ತು ಬಿ ಒಂದೇ ಎತ್ತರದಲ್ಲಿವೆ. ಹಿಡಿ ಇನ್ನೂ ಪೂರ್ತಿ ಕೂತಿಲ್ಲ. ಆದ್ದರಿಂದ ಸಿ ಸ್ವಲ್ಪ ಮೇಲಿದೆ. ಹಿಡಿಯೂ ಲಿಂಕೂ ಮಟ್ಟಗೆರೆಗೆ ತಲಾ 5° ಓರೆ. ಹಿಡಿಯ ತುದಿಯಲ್ಲಿ ಕೈ, ಹಿಡಿಗೆ ನೇರ ಅಡ್ಡಲಾಗಿ, 50 ನ್ಯೂಟನ್ ಬಲದಿಂದ ಕೆಳಕ್ಕೆ ಒತ್ತುತ್ತಿದೆ.

ಈಗ ಬಿಚ್ಚಿ. ಹಿಡಿ, ಲಿಂಕ್, ತೋಳು ಒಂದೊಂದಕ್ಕೂ ಬೇರೆ ಹಾಳೆ. ಒಂದೇ ಹಾಳೆಯಲ್ಲಿ ಮೂರನ್ನೂ ತುರುಕುವವರ ಲೆಕ್ಕವನ್ನು ನಾನು ಓದುವುದೇ ಇಲ್ಲ.

ಮೊದಲು ಲಿಂಕ್, ಯಾಕೆಂದರೆ ಅದು ಸುಲಭ. ಅದರ ಮೇಲೆ ಬಲ ಬೀಳುವುದು ಎರಡೇ ಕಡೆ, ಸಿ ಮತ್ತು ಡಿ. ಎರಡೇ ಕಡೆ ಬಲ ಬೀಳುವ ತುಂಡಿನಲ್ಲಿ ಆ ಬಲಗಳು ಎರಡು ಪಿನ್ನುಗಳನ್ನು ಸೇರಿಸುವ ಗೆರೆಯ ಮೇಲೇ ಇರಬೇಕು, ಇಲ್ಲದಿದ್ದರೆ ತುಂಡು ತಿರುಗಿಬಿಡುತ್ತದೆ. ಹಾಗಾಗಿ ಲಿಂಕ್ ಬಲದ ದಿಕ್ಕು ಪುಕ್ಕಟೆಯಾಗಿ ಸಿಕ್ಕಿತು.

ಹಿಡಿಗೆ ಬಂದಾಗ ಹತ್ತರಲ್ಲಿ ಎಂಟು ಜನ ಬೀಳುತ್ತಾರೆ. ಹಿಡಿಯೂ ನೋಡಲು ಉದ್ದದ ಪಟ್ಟಿಯೇ. ಅದರಲ್ಲೂ ಎರಡು ಪಿನ್ನುಗಳಿವೆ. 'ಇದರ ಬಲವೂ ಬಿ–ಸಿ ಗೆರೆಯ ಮೇಲೇ' ಎಂದು ಬರೆದುಬಿಡುತ್ತಾರೆ. ಆದರೆ ಇದರ ಮೇಲೆ ಕೈ ಇದೆಯಲ್ಲ! ಬಲ ಬೀಳುವ ಜಾಗ ಮೂರು: ಕೈ, ಸಿ, ಬಿ. ಮೂರಾದ ಕೂಡಲೇ ಪುಕ್ಕಟೆ ದಿಕ್ಕು ಹೋಯಿತು. ಬಿ ಪಿನ್ನಿನ ಬಲದ ದಿಕ್ಕು ನಮಗೆ ಗೊತ್ತಿಲ್ಲ. ಅದನ್ನು ಅಡ್ಡ ಮತ್ತು ಲಂಬ ಎಂದು ಎರಡು ಗೊತ್ತಿಲ್ಲದ ಸಂಖ್ಯೆಗಳಾಗಿ ಬರೆಯಬೇಕು. ಪಿನ್ನುಗಳನ್ನು ಎಣಿಸಬೇಡಿ, ಬಲ ಬೀಳುವ ಜಾಗಗಳನ್ನು ಎಣಿಸಿ.

ಬಿ ಸುತ್ತ ತಿರುಗುಬಲ ತೆಗೆದರೆ ಆ ಎರಡು ಗೊತ್ತಿಲ್ಲದವೂ ಲೆಕ್ಕದಿಂದ ಹೊರಗೆ ಹೋಗುತ್ತವೆ. ಕೈಯ ಪಾಲು 50 × 160 = 8000. ಲಿಂಕಿನ ಬಲ ಸಿ ಹತ್ತಿರ ಹಿಡಿಯನ್ನು ಬಲಕ್ಕೂ ತುಸು ಮೇಲಕ್ಕೂ ತಳ್ಳುತ್ತದೆ. ಹಿಡಿಗೂ ಲಿಂಕಿಗೂ ನಡುವಿನ ಓರೆ 5 + 5 = 10°. ಆದ್ದರಿಂದ ಬಿ ಇಂದ ಲಿಂಕ್ ಬಲದ ಗೆರೆಗೆ ನೇರ ದೂರ 40 × ಸೈನ್ 10°, ಅಂದರೆ 6.95 ಮಿ.ಮೀ. ಮಾತ್ರ. ಇಲ್ಲಿ 5° ಹಾಕುವವರು ಜಾಸ್ತಿ. ಹಾಗೆ ಹಾಕಿದರೆ ಉತ್ತರ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಲಿಂಕ್ ಬಲ 8000 ÷ 6.95, ಸುಮಾರು 1152 ನ್ಯೂಟನ್. ಸಿ ಮತ್ತು ಡಿ ಪಿನ್ನುಗಳ ಲೆಕ್ಕ ಮುಗಿಯಿತು, ಎರಡರ ಮೇಲೂ 1152.

ಇನ್ನು ಬಿ. ಲಿಂಕಿನ ಬಲ ಅಡ್ಡಕ್ಕೆ 1147, ಮೇಲಕ್ಕೆ 100. ಕೈಯ ಬಲ ಎಡಕ್ಕೆ 4, ಕೆಳಕ್ಕೆ 50. ಕೂಡಿಸಿದರೆ ಬಲಕ್ಕೆ 1143, ಮೇಲಕ್ಕೆ 50. ಹಿಡಿ ನಿಶ್ಚಲವಾಗಿರಬೇಕಾದರೆ ಬಿ ಪಿನ್ನು ಇದನ್ನು ಪೂರ್ತಿ ತಡೆಯಬೇಕು: ಹಿಡಿಯ ಮೇಲೆ ಎಡಕ್ಕೆ 1143, ಕೆಳಕ್ಕೆ 50.

ಹಿಡಿಯ ಹಾಳೆ ಬದಿಗಿಡಿ, ತೋಳಿನ ಹಾಳೆ ತೆಗೆಯಿರಿ. ತೋಳಿನ ಮೇಲೆ ಬಿ ಬರೆಯುವಾಗ ಎರಡೂ ಬಾಣಗಳನ್ನು ತಿರುಗಿಸಬೇಕು: ಬಲಕ್ಕೆ 1143, ಮೇಲಕ್ಕೆ 50. ಒಂದನ್ನು ತಿರುಗಿಸಿ ಇನ್ನೊಂದನ್ನು ಮರೆಯುವುದು ತೀರಾ ಮಾಮೂಲು. ನನ್ನದೊಂದು ರೂಢಿ ಇದೆ: ಪಿನ್ನಿನ ಬಲವನ್ನು ಮೊದಲ ಹಾಳೆಯಲ್ಲಿ ಕೆಂಪು ಪೆನ್ನಿನಲ್ಲಿ, ಎರಡನೆಯದರಲ್ಲಿ ನೀಲಿಯಲ್ಲಿ ಬರೆಯುತ್ತೇನೆ. ಕೊನೆಗೆ ಪ್ರತಿ ಕೆಂಪು ಬಾಣಕ್ಕೂ ಎದುರು ದಿಕ್ಕಿನ ಒಂದು ನೀಲಿ ಬಾಣ ಇರಲೇಬೇಕು. ಇಲ್ಲದಿದ್ದರೆ ಹಾಳೆ ಹರಿದು ಹೊಸದಾಗಿ ಶುರು ಮಾಡಿ, ತಿದ್ದಲು ಕೂರಬೇಡಿ.

ಒಂದು ವಿಷಯ ಗಮನಿಸಿ. ಹಿಡಿಯೇ ಲಿಂಕಿನಂತೆ ತನ್ನ ಗೆರೆಯಲ್ಲೇ ತಳ್ಳುತ್ತದೆ ಎಂದುಕೊಂಡಿದ್ದರೆ ಬಿ ಬಲ ತೋಳನ್ನು ತುಸು ಕೆಳಕ್ಕೆ ಒತ್ತಬೇಕಿತ್ತು, ಯಾಕೆಂದರೆ ಹಿಡಿ ಸಿ ಇಂದ ಬಿ ಕಡೆಗೆ ಇಳಿಯುತ್ತದೆ. ನಿಜವಾದ ಬಲ ತೋಳನ್ನು ತುಸು ಮೇಲಕ್ಕೆ ಎತ್ತುತ್ತಿದೆ. ದಿಕ್ಕೇ ಉಲ್ಟಾ.

ತೋಳಿನ ಲೆಕ್ಕ ಈಗ ಇಕ್ಕಳದಷ್ಟೇ ಸುಲಭ. ಎ ಸುತ್ತ ತಿರುಗುಬಲ: 1143 × 40 = ಒತ್ತುಬಲ × 100. ತುದಿಯ ಒತ್ತುಬಲ 457 ನ್ಯೂಟನ್. ಎ ಪಿನ್ನು ತೋಳನ್ನು ಎಡಕ್ಕೆ 1143, ಕೆಳಕ್ಕೆ 50 + 457 = 507 ಬಲದಿಂದ ಹಿಡಿದಿದೆ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 1250. ನಾಲ್ಕರಲ್ಲಿ ಹೆಚ್ಚು ಹೊರೆ ಹೊತ್ತಿರುವುದು ಎ. ಕೈ ಒತ್ತಿದ್ದು 50, ಪಿನ್ನು ಹೊತ್ತಿದ್ದು ಅದರ 25 ಪಟ್ಟು.

ತಾಳೆ ನೋಡಲು ಈಗ ಇಡೀ ಕ್ಲ್ಯಾಂಪನ್ನು ಜೋಡಿಸಿ ನೋಡಿ. ಲಂಬ ದಿಕ್ಕಿನಲ್ಲಿ ಮೇಲಕ್ಕೆ ಕೆಲಸದ ತುಂಡು 457, ಡಿ 100. ಕೆಳಕ್ಕೆ ಕೈ 50, ಎ 507. ಎರಡೂ ಕಡೆ 557.

ಕೈಯ ಚಲನೆ, ತುದಿಯ ಚಲನೆ ಎರಡನ್ನೂ ಹೋಲಿಸಿ ಒತ್ತುಬಲವನ್ನು ಒಂದೇ ಸಾಲಿನಲ್ಲಿ ತೆಗೆಯುವ ಅಡ್ಡದಾರಿ ಇದೆ. ಒಳ್ಳೆಯದೇ. ಆದರೆ ಅದು 457 ಕೊಟ್ಟು ಸುಮ್ಮನಾಗುತ್ತದೆ, ಪಿನ್ನುಗಳ ಬಗ್ಗೆ ಬಾಯಿ ಬಿಡುವುದಿಲ್ಲ.

ಇನ್ನು ಮಿತಿಯ ಮಾತು. ಓರೆ 5° ಬದಲು 1° ಆದಾಗ, ಅದೇ 50 ನ್ಯೂಟನ್ ಕೈಬಲಕ್ಕೆ ಲಿಂಕ್ ಬಲ 5730ಕ್ಕೆ ಏರುತ್ತದೆ. ಸೊನ್ನೆ ಹಾಕಿದರೆ ಲೆಕ್ಕ ಅನಂತ ಅನ್ನುತ್ತದೆ. ಅದನ್ನು ನಂಬಬೇಡಿ. ನಮ್ಮ ಲೆಕ್ಕ ಎಲ್ಲ ತುಂಡುಗಳೂ ಬಗ್ಗುವುದೇ ಇಲ್ಲ ಎಂದುಕೊಂಡಿದೆ. ನಿಜದಲ್ಲಿ ತುದಿಯ ರಬ್ಬರ್ ಕುಗ್ಗುತ್ತದೆ, ತೋಳು ಬಾಗುತ್ತದೆ, ಪಿನ್ನುಗಳಲ್ಲಿ ಸಡಿಲವಿರುತ್ತದೆ. ಹಿಡಿ ನೇರಗೆರೆ ದಾಟಿ ಬೀಗಿಕೊಂಡ ಮೇಲಂತೂ ಕೈಯ ಬಲವೇ ಇಲ್ಲ. ಆಗ ಒತ್ತುಬಲ ಎಷ್ಟೆಂದು ತೀರ್ಮಾನಿಸುವುದು ತುದಿಯ ಸ್ಕ್ರೂವನ್ನು ನೀವು ಎಷ್ಟು ಕೆಳಗಿಳಿಸಿದ್ದೀರಿ ಅನ್ನುವುದು. ಹಾಗಾಗಿ ಬೀಗಿದ ಸ್ಥಿತಿಗೆ ಲೆಕ್ಕವನ್ನು ಉಲ್ಟಾ ತುದಿಯಿಂದ ಶುರು ಮಾಡಿ. ಒತ್ತುಬಲ 1000 ಇದ್ದರೆ ಲಿಂಕ್, ಬಿ, ಸಿ, ಡಿ ಎಲ್ಲದರಲ್ಲೂ ಹತ್ತಿರ ಹತ್ತಿರ 2500. ಎ ಮೇಲೆ 2690. ಪಿನ್ನು ಆರಿಸುವಾಗ ಈ ಸಂಖ್ಯೆ ಬಳಸಿ, ಕೈಬಲದ ಸಂಖ್ಯೆಯನ್ನಲ್ಲ.

6 ಮಿ.ಮೀ. ಪಿನ್ನಿನ ಅಡ್ಡಕೊಯ್ತ 28 ಚದರ ಮಿ.ಮೀ. ಲಿಂಕ್ ಎರಡು ಪಟ್ಟಿಗಳಾಗಿ ಎರಡೂ ಬದಿಯಿಂದ ಅಪ್ಪಿಕೊಂಡಿದ್ದರೆ 2500 ನ್ಯೂಟನ್ ಎರಡು ಕೊಯ್ತಗಳಿಗೆ ಹಂಚಿಹೋಗುತ್ತದೆ. ಒಂದೇ ಬದಿಯ ಪಟ್ಟಿಯಾದರೆ ಅಷ್ಟೂ ಒಂದೇ ಕೊಯ್ತದ ಮೇಲೆ, ಜತೆಗೆ ಪಿನ್ನು ಓರೆಯಾಗಿ ಬಾಗುತ್ತದೆ. ಅಗ್ಗದ ಕ್ಲ್ಯಾಂಪುಗಳು ಹೀಗೇ ಒಂಟಿ ಪಟ್ಟಿ, ಟೊಳ್ಳು ರಿವೆಟ್ ಹಾಕಿಕೊಂಡು ಬರುತ್ತವೆ. ಅಂಥದ್ದನ್ನು ಕೊಳ್ಳಲೇಬೇಡಿ.

ಹಳೆಯ ಕ್ಲ್ಯಾಂಪೊಂದು ಕೈಗೆ ಸಿಕ್ಕರೆ ಎ ಪಿನ್ನನ್ನು ಹೊಡೆದು ತೆಗೆದು, ತೋಳಿನ ತೂತನ್ನು ಬೆಳಕಿಗೆ ಹಿಡಿಯಿರಿ. ದುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಇಲ್ಲಿನ ಅಳತೆಯ ಕ್ಲ್ಯಾಂಪಾದರೆ ಸವೆತ ಎಡಗಡೆಗೆ, ಮಟ್ಟಗೆರೆಯಿಂದ ಸುಮಾರು 22° ಕೆಳಕ್ಕೆ ವಾಲಿರಬೇಕು. ನಿಮ್ಮ ಲೆಕ್ಕದ ಬಾಣ ಬೇರೆ ಕಡೆ ತೋರಿಸುತ್ತಿದ್ದರೆ ನೀಲಿ ಪೆನ್ನಿನ ಹಾಳೆಗೆ ಹಿಂದಿರುಗಿ.