ಅಡಿಕೆ ಆದಾಯಕ್ಕೆ ತೆರಿಗೆ ನೋಟಿಸ್: ಪಹಣಿ, ಪಟ್ಟಿ ಜೋಡಿಸಿ ಉತ್ತರ ಕೊಡುವುದು ಹೇಗೆ?

ಸಂಬಳದ ಜತೆಗೆ ತೋಟವೂ ಇರುವವರು ರಿಟರ್ನ್‌ನಲ್ಲಿ ಕೃಷಿ ಆದಾಯ ತೋರಿಸಿ, 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(1)ರ ಪ್ರಕಾರ ವಿನಾಯಿತಿ ಕೇಳುತ್ತಾರೆ. ಬ್ಯಾಂಕಿಗೆ ಬಂದ ಹಣ ಒಂದು ಅಂಕಿ, ರಿಟರ್ನ್‌ನಲ್ಲಿ ಬರೆದದ್ದು ಇನ್ನೊಂದು ಅಂಕಿ ಆದಾಗ ನೋಟಿಸ್ ಬರುವುದುಂಟು. ಉತ್ತರ ಕೊಡುವಾಗ ಒಂದು ಮಾತು ನೆನಪಿರಲಿ. ಈಗ ಪರಿಶೀಲನೆ ನಡೆಯುವುದು ಬಹುಮಟ್ಟಿಗೆ ಮುಖಾಮುಖಿ ಇಲ್ಲದ ವ್ಯವಸ್ಥೆಯಲ್ಲಿ. ನಿಮ್ಮ ಕಡತ ಓದುವ ಅಧಿಕಾರಿ ದೇಶದ ಯಾವ ಮೂಲೆಯಲ್ಲಾದರೂ ಇರಬಹುದು. ಅವರಿಗೆ ಕನ್ನಡ ಬರಬೇಕೆಂದಿಲ್ಲ, ಅಡಿಕೆ ಮರ ನೋಡಿರಬೇಕೆಂದೂ ಇಲ್ಲ.

ನೋಟಿಸ್‌ನಲ್ಲಿ ಮೊದಲು ನೋಡಬೇಕಾದ್ದು ಸೆಕ್ಷನ್ ಮತ್ತು ಕೊನೆಯ ದಿನ. 143(2) ಎಂದಿದ್ದರೆ ರಿಟರ್ನ್ ಪರಿಶೀಲನೆಗೆ ಆಯ್ಕೆಯಾಗಿದೆ ಎಂದರ್ಥ. ದಾಖಲೆ ಕೇಳುವ ಪ್ರಶ್ನಾವಳಿ ಸಾಮಾನ್ಯವಾಗಿ 142(1)ರ ಅಡಿ ಬರುತ್ತದೆ. ನೋಟಿಸ್ ಅಸಲಿಯೇ ಎಂದು ತಿಳಿಯಲು ಇ-ಫೈಲಿಂಗ್ ತಾಣದ Authenticate Notice/Order Issued by ITD ಕೊಂಡಿಯಲ್ಲಿ ಅದರ ಮೇಲಿನ ಡಿಐಎನ್ ಸಂಖ್ಯೆ ಹಾಕಿ ನೋಡಿ. ದಾಖಲೆ ಕೂಡಿಸಲು ಸಮಯ ಸಾಲದಿದ್ದರೆ ಗಡುವು ಮುಗಿಯುವ ಮೊದಲೇ ಕಾಲಾವಕಾಶ ಕೇಳಿ. ಸುಮ್ಮನಿದ್ದರೆ ತಪ್ಪಿದ ಒಂದೊಂದು ನೋಟಿಸ್‌ಗೂ 10,000 ರೂಪಾಯಿ ದಂಡ ಬೀಳಬಹುದು. ಕೃಷಿ ಆದಾಯವೆಂದು ಒಪ್ಪದೆ ವಿವರಣೆಯಿಲ್ಲದ ಹಣವೆಂದು ಸೇರಿಸಿದರೆ, 2023-24ನೇ ಸಾಲಿನ ಆದಾಯಕ್ಕೆ ಶೇ 60 ತೆರಿಗೆ, ಅದರ ಮೇಲೆ ಸರ್‌ಚಾರ್ಜ್ ಮತ್ತು ಸೆಸ್ ಕೂಡಿ ಶೇ 78ರಷ್ಟು ಕೈಬಿಟ್ಟು ಹೋಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತೀರ್ಥಹಳ್ಳಿ ತಾಲ್ಲೂಕಿನ ಸಂಬಳದಾರರೊಬ್ಬರು 2023-24ನೇ ಸಾಲಿಗೆ 8,66,000 ರೂಪಾಯಿ ನಿವ್ವಳ ಕೃಷಿ ಆದಾಯ ತೋರಿಸಿದ್ದಾರೆ. ಐದು ಲಕ್ಷ ದಾಟಿದ್ದರಿಂದ ರಿಟರ್ನ್‌ನಲ್ಲೇ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತದ್ದೋ ಗುತ್ತಿಗೆಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ಬರೆಯಬೇಕಿತ್ತು. ಅವರು 3 ಎಕರೆ ಎಂದು ಬರೆದಿದ್ದಾರೆ. ಬ್ಯಾಂಕಿಗೆ ಮಂಡಿಯಿಂದ ಬಂದದ್ದು 8,12,000, ಕೈಯಾರೆ ಕಟ್ಟಿದ ನಗದು 1,50,000.

ಪಹಣಿಯಲ್ಲಿ ಮೊದಲ ಪೇಚು

ಪಹಣಿಯಲ್ಲಿ ಒಟ್ಟು ವಿಸ್ತೀರ್ಣ 3 ಎಕರೆ 4 ಗುಂಟೆ. ಅದರಲ್ಲಿ 24 ಗುಂಟೆ ಖರಾಬು, ಉಳಿದದ್ದು 2 ಎಕರೆ 20 ಗುಂಟೆ. ತೋಟವಿರುವುದು ಇಷ್ಟರಲ್ಲೇ. 3 ಎಕರೆ ಎಂದು ಬರೆದದ್ದು ಖರಾಬು ಸೇರಿದ ಅಂದಾಜು ಎಂದು ಉತ್ತರದಲ್ಲಿ ನೀವೇ ಒಪ್ಪಿಬಿಡಿ. ಅಧಿಕಾರಿ ಕಂಡುಹಿಡಿದು ಕೇಳಿದರೆ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ. ಸೊಪ್ಪಿನ ಬೆಟ್ಟವನ್ನು ತೋಟದ ಎಕರೆಗೆ ಸೇರಿಸುವುದೂ ಇಂಥದ್ದೇ ತಪ್ಪು.

ಈಗಿನ ಪಹಣಿಯಷ್ಟೇ ಸಾಲದು, ನೋಟಿಸ್‌ನಲ್ಲಿರುವ ವರ್ಷದ್ದೇ ಬೇಕು. ಹೆಸರು ಇನ್ನೂ ತೀರಿಕೊಂಡ ತಂದೆಯದ್ದೇ ಆಗಿದ್ದರೆ ವಂಶವೃಕ್ಷ, ಮರಣ ಪ್ರಮಾಣಪತ್ರ, ಫವತಿ ಖಾತೆಗೆ ಅರ್ಜಿ ಕೊಟ್ಟಿದ್ದರೆ ಅದರ ಪ್ರತಿ ಸೇರಿಸಿ. ಜಂಟಿ ಖಾತೆಯಾದರೆ ಅಣ್ಣತಮ್ಮಂದಿರಲ್ಲಿ ಯಾವ ಭಾಗ ಯಾರು ಮಾಡುತ್ತಿದ್ದಾರೆ ಎಂಬ ಸಹಿ ಮಾಡಿದ ಹೇಳಿಕೆ ಬೇಕು. ಇಲ್ಲವಾದರೆ ಆದಾಯದಲ್ಲಿ ನಿಮ್ಮ ಪಾಲನ್ನಷ್ಟೇ ಒಪ್ಪುವ ಸಂಭವವಿದೆ.

ಬೆಳೆ ಕಾಲಂನಲ್ಲಿ 'ಅಡಿಕೆ' ಎಂದಿದೆ, ಕಾಳುಮೆಣಸಿನ ಸುದ್ದಿಯಿಲ್ಲ. ಮರಕ್ಕೆ ಹಬ್ಬಿದ ಬಳ್ಳಿ ಪಹಣಿಗೆ ಹತ್ತದಿರುವುದು ಮಲೆನಾಡಿನಲ್ಲಿ ಮಾಮೂಲು. ಇದಕ್ಕೆ ಬೆಳೆ ಸಮೀಕ್ಷೆಯಲ್ಲಿ ದಾಖಲಾಗಿದ್ದರೆ ಅದರ ಪ್ರತಿ, ಇಲ್ಲವೇ ತೋಟಗಾರಿಕೆ ಇಲಾಖೆಯಿಂದ ಬೆಳೆ ದೃಢೀಕರಣ ಹಾಕಿ.

ಪಟ್ಟಿಗೂ ಬ್ಯಾಂಕಿಗೂ ತಾಳೆ

ಹೆಚ್ಚಿನ ಉತ್ತರಗಳು ಎಡವುವುದು ಇಲ್ಲೇ. ಅಡಿಕೆ ಮಾರಿದಾಗ ಮಂಡಿ ಕೊಡುವ ಪಟ್ಟಿಯಲ್ಲಿ ತಾರೀಕು, ಮಾಲಿನ ಬಗೆ, ತೂಕ, ದರ ಎಲ್ಲವೂ ಇರುತ್ತದೆ. ಆದರೆ ಹಣ ಪಟ್ಟಿಯ ದಿನವೇ ಬರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಮೂರು ಪಟ್ಟಿಗಳಿವೆ. ಜನವರಿಯಲ್ಲಿ 8 ಕ್ವಿಂಟಲ್ ರಾಶಿ ಇಡಿಗೆ 3,80,000, ಫೆಬ್ರುವರಿಯಲ್ಲಿ 9 ಕ್ವಿಂಟಲ್‌ಗೆ 4,32,000, ಮಾರ್ಚ್ 28ರಂದು 5 ಕ್ವಿಂಟಲ್‌ಗೆ 2,44,000. ಒಟ್ಟು 22 ಕ್ವಿಂಟಲ್, 10,56,000 ರೂಪಾಯಿ.

ಬ್ಯಾಂಕಿನಲ್ಲಿ ಕಾಣುವುದು ಬೇರೆ ಚಿತ್ರ. ಕೊಯ್ಲಿನ ಖರ್ಚಿಗೆಂದು ನವೆಂಬರ್‌ನಲ್ಲಿ ಮಂಡಿಯಿಂದ ತೆಗೆದುಕೊಂಡ ಮುಂಗಡ 2,00,000, ಅದನ್ನು ಮುರಿದುಕೊಂಡು ಜನವರಿಯಲ್ಲಿ ಬಂದದ್ದು 1,80,000, ಫೆಬ್ರುವರಿಯ 4,32,000. ಮಾರ್ಚ್ ಪಟ್ಟಿಯ ಹಣ ಬಂದದ್ದು ಏಪ್ರಿಲ್ 5ಕ್ಕೆ, ಅಂದರೆ ಮುಂದಿನ ಆರ್ಥಿಕ ವರ್ಷದಲ್ಲಿ. ಅಧಿಕಾರಿಗೆ ಮುಂಗಡ ಯಾರೋ ಕೊಟ್ಟ ಸಾಲದಂತೆ ಕಾಣುತ್ತದೆ, ಮಾರ್ಚ್ ಪಟ್ಟಿ ಹಣವಿಲ್ಲದ ಕಾಗದದಂತೆ ಕಾಣುತ್ತದೆ. ಆದ್ದರಿಂದ ಮಂಡಿಯಿಂದ ಇಡೀ ವರ್ಷದ ಖಾತೆ ಪ್ರತಿ ತೆಗೆದುಕೊಳ್ಳಿ. ಒಂದು ಹಾಳೆಯಲ್ಲಿ ಪಟ್ಟಿಯ ತಾರೀಕು, ತೂಕ, ಮೊತ್ತ, ಮುರಿದ ಮುಂಗಡ, ಬ್ಯಾಂಕಿಗೆ ಬಂದ ದಿನ, ಬ್ಯಾಂಕ್ ಪುಟದ ಸಂಖ್ಯೆ ಒಂದೇ ಸಾಲಿನಲ್ಲಿ ಬರುವಂತೆ ಬರೆಯಿರಿ. ಸತ್ಯ ಹೇಳಬೇಕೆಂದರೆ, ಇಪ್ಪತ್ತು ಪುಟದ ವಿವರಣೆಗಿಂತ ಈ ಒಂದು ಹಾಳೆಯೇ ಹೆಚ್ಚು ಕೆಲಸ ಮಾಡುತ್ತದೆ.

ನಗದು 1,50,000 ಎರಡೂವರೆ ಕ್ವಿಂಟಲ್ ಕಾಳುಮೆಣಸಿನದ್ದು, ಬಿಲ್ ಇಲ್ಲ. ಕೊಂಡ ವ್ಯಾಪಾರಿಯ ಲೆಕ್ಕದಲ್ಲಿ ಆ ಖರೀದಿ ಇದ್ದರೆ, ತೂಕ, ದರ, ತಾರೀಕು ಇರುವ ದೃಢೀಕರಣ ಪತ್ರ ಕೇಳಿ ಪಡೆಯಿರಿ. ಪತ್ರಕ್ಕೆ ಈಗಿನ ತಾರೀಕನ್ನೇ ಹಾಕಿಸಿ. ಹಳೆಯ ತಾರೀಕಿನ ಹೊಸ ಬಿಲ್ ಬರೆಸಿದರೆ, ಇಲಾಖೆ ವ್ಯಾಪಾರಿಗೇ ಪತ್ರ ಬರೆದು ಕೇಳಿದಾಗ ಇಡೀ ಉತ್ತರ ಕುಸಿಯುತ್ತದೆ. ಪತ್ರ ಸಿಗದಿದ್ದರೆ ಆ ಭಾಗವನ್ನು ಸಾಬೀತುಪಡಿಸುವುದು ಕಷ್ಟ.

ಈಗ ಲೆಕ್ಕ ಕೂಡಿಸಿ: ಬ್ಯಾಂಕಿನ 8,12,000, ನಗದು 1,50,000, ಏಪ್ರಿಲ್‌ನಲ್ಲಿ ಬಂದ 2,44,000 ಸೇರಿ 12,06,000. ಇದರಲ್ಲಿ ಖರ್ಚು 3,40,000 ಕಳೆದರೆ ರಿಟರ್ನ್‌ನ 8,66,000 ಸರಿಯಾಗಿ ಸಿಗುತ್ತದೆ. ಗೊಬ್ಬರ, ಮೈಲುತುತ್ತದ ಬಿಲ್ ಸಿಗುತ್ತವೆ. ಕೊನೆಗಾರರ, ಸುಲಿಯುವವರ ಕೂಲಿಗೆ ಹೆಸರು, ದಿನ, ಸಹಿ ಇರುವ ಪುಸ್ತಕದ ಪ್ರತಿ ಹಾಕಿ. ಖರ್ಚನ್ನೇ ತೋರಿಸದೆ ಬಂದದ್ದೆಲ್ಲ ಲಾಭ ಎಂದರೆ ತೋಟ ಗೊತ್ತಿಲ್ಲದವರೂ ನಂಬಲಾರರು.

ಇಳುವರಿ ನಂಬುವಂತಿದೆಯೇ ಎಂಬುದನ್ನೂ ಎರಡು ಸಾಲಿನಲ್ಲಿ ಹೇಳಿ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ, ಎರಡೂವರೆ ಎಕರೆಗೆ 1,350. ಒಣ ಅಡಿಕೆ 22 ಕ್ವಿಂಟಲ್ ಎಂದರೆ ಮರಕ್ಕೆ ಸರಾಸರಿ 1.6 ಕಿಲೋ. ಸುಲಿದು, ಬೇಯಿಸಿ, ಒಣಗಿಸಿದ್ದು ಮಾಲನ್ನು ಮಾರುಕಟ್ಟೆಗೆ ಒಯ್ಯಲು ಬೆಳೆಗಾರ ಸಾಮಾನ್ಯವಾಗಿ ಮಾಡುವ ಕೆಲಸ, ಹಾಗಾಗಿ ಅದೂ ಕೃಷಿ ಆದಾಯವೇ ಎಂದು ಸೇರಿಸಿ.

ಮರದ ಮೇಲಿನ ಫಸಲನ್ನೇ ಬೇರೆಯವರಿಗೆ ಚೇಣಿ ಕೊಟ್ಟವರಿಗೆ ಪಟ್ಟಿ ಇರುವುದಿಲ್ಲ, ಅದು ಚೇಣಿದಾರನ ಹೆಸರಲ್ಲಿರುತ್ತದೆ. ಅವರು ಚೇಣಿ ಕರಾರು ಮತ್ತು ಹಣ ಬಂದ ಬ್ಯಾಂಕ್ ದಾಖಲೆ ಕೊಡಬೇಕು. ಬೇರೆಯವರ ಫಸಲು ಚೇಣಿ ಹಿಡಿದು ಮಾರಿದ ಲಾಭ ಮಾತ್ರ ವ್ಯಾಪಾರದ ಆದಾಯ. ಅದನ್ನು ಸ್ವಂತ ತೋಟದ ಪಟ್ಟಿಯೊಳಗೆ ಬೆರೆಸಬೇಡಿ.

ದಾಖಲೆ ಹಾಕುವಾಗ

ಪಹಣಿ, ಪಟ್ಟಿಗಳು ಕನ್ನಡದಲ್ಲಿದ್ದರೆ ಪ್ರತಿಯೊಂದರ ಹಿಂದೆ ಇಂಗ್ಲಿಷ್ ಅನುವಾದದ ಹಾಳೆ ಇರಲಿ. ಖರಾಬು, ಗುಂಟೆ, ರಾಶಿ ಇಡಿ, ಚೇಣಿ ಎಂದರೇನು ಎಂದು ಒಂದೊಂದು ಸಾಲು ಬರೆಯಿರಿ. 40 ಗುಂಟೆಗೆ ಒಂದು ಎಕರೆ ಎಂಬುದನ್ನೂ ಬಿಡಬೇಡಿ. ಕಡತಗಳಿಗೆ ಅನುಬಂಧ 1, 2, 3 ಎಂದು ಹೆಸರಿಟ್ಟು, ಉತ್ತರಪತ್ರದಲ್ಲಿ ಅದೇ ಸಂಖ್ಯೆ ಬಳಸಿ. ತಾಣದಲ್ಲಿ Pending Actions, ಅದರೊಳಗೆ e-Proceedings ತೆರೆದು, ನಿಮ್ಮ ನೋಟಿಸ್ ಎದುರಿನ Submit Response ಒತ್ತಿ ಎಲ್ಲವನ್ನೂ ಹಾಕಿ, ಸ್ವೀಕೃತಿ ಇಳಿಸಿಕೊಳ್ಳಿ. ಇಷ್ಟಾದರೂ ಆದಾಯ ಸೇರಿಸುವ ಪ್ರಸ್ತಾಪದ ಶೋಕಾಸ್ ನೋಟಿಸ್ ಬಂದರೆ ಅದಕ್ಕೂ ಉತ್ತರಿಸಿ, ವಿಡಿಯೊ ಮೂಲಕ ವಿಚಾರಣೆ ಕೇಳಬಹುದು.

ಮಾರ್ಚ್ 28ರ ಪಟ್ಟಿಯನ್ನು ಆ ವರ್ಷದ ಆದಾಯದಲ್ಲೇ ಹಿಡಿದಿರುವುದರಿಂದ ಮುಂದಿನ ರಿಟರ್ನ್ ತೆಗೆದು ನೋಡಿ. ಏಪ್ರಿಲ್ 5ಕ್ಕೆ ಬಂದ 2,44,000 ಅಲ್ಲೂ ಸೇರಿದ್ದರೆ, ಅಧಿಕಾರಿ ಕೇಳುವ ಮೊದಲೇ ಅದನ್ನು ಇದೇ ಉತ್ತರದಲ್ಲಿ ತಿಳಿಸಿ.